ಅಪ್‌ಡೇಟ್: ದೇಶ ಬದಲಾಯ್ತು, ಅಕೌಂಟ್ ಮಾತ್ರ ಅಲ್ಲೇ ಉಳಿದಿತ್ತು

ಆಗ ಕೇಳಿದ್ದು: "ಹೊಸ ದೇಶಕ್ಕೆ ಬಂದು ಎರಡು ತಿಂಗಳು. ಜಾಹೀರಾತು ಇಲ್ಲಿನವೇ ಬರ್ತಿವೆ, ಆದರೆ ಮೆಸೇಜಿಂಗ್ ಆ್ಯಪ್‌ನ ಪೇಮೆಂಟ್ ಹಳೇ ದೇಶದ್ದೇ. ಇಲ್ಲಿನ ಬ್ಯಾಂಕ್ ಆ್ಯಪ್ ಸ್ಟೋರ್‌ನಲ್ಲಿ ಕಾಣೋದೇ ಇಲ್ಲ. ಯಾಕೆ?"

ಅಪ್‌ಡೇಟ್: ಬಗೆಹರಿಯಿತು. ಮೂರಕ್ಕೂ ಕಾರಣ ಒಂದೇ ಅಂದುಕೊಂಡಿದ್ದೇ ನನ್ನ ತಪ್ಪು. ಜಾಹೀರಾತು ಇಂಟರ್ನೆಟ್ ಸಂಪರ್ಕ ಎಲ್ಲಿಂದ ಅನ್ನೋದನ್ನ ನೋಡಿ ಬದಲಾಗಿತ್ತು. ಪೇಮೆಂಟ್ ಹಳೇ ನಂಬರಿನ ಕಂಟ್ರಿ ಕೋಡ್ ನೋಡ್ತಿತ್ತು. ಬ್ಯಾಂಕ್ ಆ್ಯಪ್ ಸ್ಟೋರ್ ಅಕೌಂಟಿನ ದೇಶಕ್ಕೆ ಅಂಟಿಕೊಂಡಿತ್ತು.

ಸ್ಟೋರ್‌ನ ದೇಶ ಬದಲಿಸೋಕೆ ಹೋದರೆ ಬಿಡಲಿಲ್ಲ. ವ್ಯಾಲೆಟ್‌ನಲ್ಲಿ ಚಿಲ್ಲರೆ ಬ್ಯಾಲೆನ್ಸ್ ಉಳಿದಿತ್ತು, ಒಂದು ಸಬ್‌ಸ್ಕ್ರಿಪ್ಷನ್ ಓಡ್ತಿತ್ತು. ಅದನ್ನು ರದ್ದು ಮಾಡಿದರೂ ಅವಧಿ ಮುಗಿಯೋವರೆಗೆ ಕಾಯಬೇಕಾಯ್ತು. ಆಮೇಲೆ ಇಲ್ಲಿನ ಕಾರ್ಡ್, ಬಿಲ್ಲಿಂಗ್ ವಿಳಾಸ ಕೊಟ್ಟೆ. ಬ್ಯಾಂಕ್ ಆ್ಯಪ್ ಕಾಣಿಸಿತು.

ಮೆಸೇಜಿಂಗ್ ಆ್ಯಪ್ ಅಳಿಸಿ ಹೊಸದಾಗಿ ಶುರು ಮಾಡಲಿಲ್ಲ, ಸೆಟ್ಟಿಂಗ್ಸ್‌ನಲ್ಲಿರೋ ನಂಬರ್ ಬದಲಿಸುವ ಆಯ್ಕೆ ಬಳಸಿದೆ. ಚಾಟ್, ಗ್ರೂಪ್ ಎಲ್ಲ ಹಾಗೇ ಉಳಿದವು. ಹಳೇ ದೇಶದ ಪೇಮೆಂಟ್ ಬಟನ್ ಮಾಯವಾಯ್ತು. ಇಲ್ಲಿ ಆ ಸೌಲಭ್ಯವೇ ಇಲ್ಲವಂತೆ, ಹಾಗಾಗಿ ಬದಲಿಗೆ ಏನೂ ಬರಲಿಲ್ಲ!

ಹಳೇ ಸಿಮ್ ಮಾತ್ರ ಇನ್ನೂ ರೀಚಾರ್ಜ್ ಮಾಡ್ತಿದ್ದೀನಿ. ಊರಿನ ಬ್ಯಾಂಕ್ ಒಟಿಪಿ ಅದಕ್ಕೇ ಬರುತ್ತೆ.