ಸೀಸ-ತವರದ ಫೇಸ್ ಡಯಾಗ್ರಾಂ: 200 ಡಿಗ್ರಿಯಲ್ಲಿ ಯಾವುದು ಎಷ್ಟು?

ಕೇಳಿದ್ದು (ತುಮಕೂರು, ಡಿಪ್ಲೊಮಾ 3ನೇ ಸೆಮ್): ಮೆಟಲರ್ಜಿ ಲೆಕ್ಕದಲ್ಲಿ ತವರ 30, ಸೀಸ 70. 200 ಡಿಗ್ರಿಯಲ್ಲಿ ಯಾವ ಫೇಸ್ ಎಷ್ಟು ಅಂತ ಕೇಳಿದ್ದಾರೆ. ನನಗೆ ಆಲ್ಫಾ ಶೇಕಡಾ 32 ಬರುತ್ತೆ, ಮೇಷ್ಟ್ರು 68 ಅಂತಾರೆ. ಎಲ್ಲಿ ತಪ್ಪಿದೆ? ಮಾಡಿದವರು ಯಾರಾದ್ರೂ ಹೇಳಿ.

ಕೆಜಿಎಫ್, ವರ್ಕ್‌ಶಾಪ್: 0.8 ಮತ್ತು 6.67 ನೆನಪಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ಬರುವುದೆಲ್ಲ ಅದರಲ್ಲೇ ಮುಗಿಯುತ್ತೆ. ನಾನು ಹಾಗೇ ಪಾಸಾದೆ.

ಕೇಳಿದವರು: ಅದು ಸ್ಟೀಲ್ ಅಲ್ವಾ ಸರ್? ನಮ್ಮದು ಸೀಸ-ತವರ.

ಶಿರಾ, ಬಿಇ ಮುಗಿಸಿದವನು: ಗೆರೆ ಯಾವ ಫೇಸ್‌ಗೆ ಹತ್ತಿರ ಇದೆಯೋ ಅದು ಜಾಸ್ತಿ. ಅಷ್ಟು ಸಾಕು. 200 ಆಗಲಿ, 183 ಆಗಲಿ, ಟೈ ಲೈನ್ ಎಳೆದು ಭಾಗಿಸಿದರೆ ಆಯ್ತು.

ಚಿಕ್ಕಬಳ್ಳಾಪುರ, ಲ್ಯಾಬ್ ಪಾಠ ಮಾಡುವವಳು: ಮೊದಲ ಮಾತು ಸರಿ, 183ರ ಮಾತು ಸರಿಯಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ತಮ್ಮಾ, ನೀನು ಓದಿದ್ದು ಸರಿ ಇದೆ, ತೋಳು ಅದಲು ಬದಲು ಆಗಿದೆ. 200ರಲ್ಲಿ ಅಡ್ಡಗೆರೆ ಎಳೆ. ಎಡಕ್ಕೆ ಹೋದರೆ ಆಲ್ಫಾದ ಗಡಿ ಸಿಗುತ್ತೆ, ನನ್ನ ಚಾರ್ಟ್‌ನಲ್ಲಿ ಅಲ್ಲಿ ತವರ 18. ಬಲಕ್ಕೆ ಹೋದರೆ ದ್ರವದ ಗಡಿ, ಅಲ್ಲಿ 55. ನಡುವೆ ನಿನ್ನ 30. ಅಂದರೆ ಆ ಬಿಸಿಯಲ್ಲಿ ಗಟ್ಟಿ ಆಲ್ಫಾದೊಳಗೆ ತವರ 18, ಕರಗಿದ್ದರೊಳಗೆ 55. ಎರಡರಲ್ಲೂ 30 ಇರುತ್ತೆ ಅಂತ ಬರೆಯುವವರು ಪ್ರತಿ ವರ್ಷ ಸಿಗ್ತಾರೆ. 30 ಇಡೀ ಮಿಶ್ರಣದ್ದು, ಒಂದೊಂದು ಫೇಸಿನದಲ್ಲ.

ಈಗ ತೂಕ. ನಮ್ಮ ಕಡೆ ಹಳೇ ಬಾವಿಗಳಲ್ಲಿ ಏತ ಇರುತ್ತಿತ್ತು. ಕಲ್ಲು ಕಟ್ಟಿದ ಗಿಡ್ಡ ತುದಿಯಲ್ಲಿ ಭಾರ, ಉದ್ದದ ತುದಿಯಲ್ಲಿ ಹಗುರ. ಇಲ್ಲೂ ಹಾಗೇ. 30 ಆಲ್ಫಾದಿಂದ 12 ದೂರ, ದ್ರವದಿಂದ 25 ದೂರ. ಆಲ್ಫಾ ಕಡೆ ಗಿಡ್ಡ, ಹಾಗಾಗಿ ಆಲ್ಫಾ ಜಾಸ್ತಿ. ಆಲ್ಫಾ ಬೇಕಾದರೆ ಎದುರಿನ ತೋಳು ಹಿಡಿ:

(55 − 30) ÷ (55 − 18) = 25 ÷ 37 = 0.676

ಉಳಿದ 0.324 ದ್ರವ. ನೀನು 12ನ್ನು 37ರಿಂದ ಭಾಗಿಸಿದೀಯ, ಅದಕ್ಕೇ 32 ಬಂತು.

ಅನುಮಾನ ಇದ್ದರೆ ತವರವನ್ನೇ ಲೆಕ್ಕ ಹಾಕು. 100 ಗ್ರಾಂ ಮಿಶ್ರಣ ಅಂದುಕೋ. 67.6 ಗ್ರಾಂ ಆಲ್ಫಾದಲ್ಲಿ ತವರ ಸುಮಾರು 12 ಗ್ರಾಂ, 32.4 ಗ್ರಾಂ ದ್ರವದಲ್ಲಿ ಸುಮಾರು 18 ಗ್ರಾಂ. ಕೂಡಿದರೆ 30. ನಿನ್ನ ಉತ್ತರ ಇಟ್ಟು ನೋಡು, 43 ಬರುತ್ತೆ. ಹಾಕಿದ್ದೇ 30 ಗ್ರಾಂ, 43 ಎಲ್ಲಿಂದ ಬಂತು?

ಇನ್ನು 183. ಸರಿಯಾಗಿ ಆ ಗೆರೆಯ ಮೇಲೆ ಆಲ್ಫಾ, ತವರ ಜಾಸ್ತಿ ಇರುವ ಗಟ್ಟಿ ಫೇಸ್ ಬೀಟಾ, ದ್ರವ ಮೂರೂ ಒಟ್ಟಿಗೆ ಇರುತ್ತವೆ. ಎರಡು ತೋಳಿನ ಲೆಕ್ಕ ಅಲ್ಲಿ ನಿಲ್ಲಲ್ಲ. 184 ಅಥವಾ 182 ಅಂತ ಹಿಡಿದು ಮಾಡಿ.

ಶಿರಾ: ಹೌದು, 183 ತಪ್ಪಿದೆ. ನಮಗೂ 184 ಅಂತಲೇ ಕೇಳಿದ್ದರು, ಈಗ ನೆನಪಾಯ್ತು.

ಚಿಂತಾಮಣಿ, ರಿಪೇರಿ ಅಂಗಡಿ: ನಾನು ಓದಿದವನಲ್ಲ, ಆದರೆ ಈ 30 ಕೈಗೆ ಗೊತ್ತು. ಟಿವಿ ಬೋರ್ಡಿಗೆ ಬಳಸುವ 60-40 ತಂತಿಯಲ್ಲಿ ತವರ 60, ಥಟ್ಟನೆ ಗಟ್ಟಿಯಾಗುತ್ತೆ. ಹಿಂದೆ ರೇಡಿಯೇಟರ್ ಬೆಸೆಯಲು ಸೀಸ ಜಾಸ್ತಿ ಇರುವ ಕಡ್ಡಿ ತರುತ್ತಿದ್ದೆವು. ಅದು ತುಂಬ ಹೊತ್ತು ಮೊಸರನ್ನದ ಹಾಗೆ ಇರುತ್ತಿತ್ತು, ಬಟ್ಟೆಯಲ್ಲಿ ಒರೆಸಿ ಕೂರಿಸಬಹುದಿತ್ತು. ಮೇಡಂ ಹೇಳಿದ್ದು ಅದೇ ತಾನೆ?

ಚಿಕ್ಕಬಳ್ಳಾಪುರ: ಅದೇ ಅಣ್ಣಾ. ಮೂರರಲ್ಲಿ ಎರಡು ಪಾಲು ಗಟ್ಟಿ ಕಾಳು, ಒಂದು ಪಾಲು ರಸ. ತವರ 61.9 ಇದ್ದರೆ ಮಿಶ್ರಣ ಒಂದೇ ಬಿಸಿಯಲ್ಲಿ ಪೂರ್ತಿ ಗಟ್ಟಿಯಾಗುತ್ತೆ, ಅದನ್ನು ಯುಟೆಕ್ಟಿಕ್ ಅಂತೀವಿ; ನಿಮ್ಮ 60-40 ಅದರ ಪಕ್ಕದಲ್ಲೇ ಇದೆ, ಅದಕ್ಕೆ ಮೊಸರನ್ನ ಆಗುವಷ್ಟು ಪುರುಸೊತ್ತಿಲ್ಲ.

ಚಿಂತಾಮಣಿ: ಆದರೆ ನಾನು ಒದ್ದೆ ಬಟ್ಟೆ ಹಾಕಿ ಬೇಗ ತಣಿಸುತ್ತಿದ್ದೆ. ಆಗಲೂ ಇದೇ 68 ಇರುತ್ತಾ?

ಚಿಕ್ಕಬಳ್ಳಾಪುರ: ಇಲ್ಲ. ಚಾರ್ಟ್ ಇರುವುದು ತುಂಬ ನಿಧಾನ ತಣಿಸಿದ್ದಕ್ಕೆ. ಬೇಗ ತಣಿದರೆ ಕಾಳಿನ ಒಳಗೆ ಒಂದು ಅಳತೆಯ ತವರ, ಹೊರಪದರದಲ್ಲಿ ಇನ್ನೊಂದು. ಎಷ್ಟು ವ್ಯತ್ಯಾಸ ಅಂತ ಈ ಗೆರೆ ಹೇಳಲ್ಲ.

ಕೇಳಿದವರು: ಈಗ 68 ಬಂತು ಮೇಡಂ. ಇನ್ನೊಂದು, ನನ್ನ ಜೆರಾಕ್ಸ್‌ನಲ್ಲಿ ಎಡ ತುದಿ 17 ಅಂತ ಕಾಣುತ್ತೆ, ಆಗ 66 ಬರುತ್ತೆ. ಮಾರ್ಕ್ಸ್ ಕೊಡ್ತಾರಾ?

ಶಿರಾ: ನಮ್ಮಲ್ಲಿ ಕೊಟ್ಟರು. ಆದರೆ ಓದಿದ ಅಂಕಿ ಎರಡನ್ನೂ ಬರೆದಿದ್ದವರಿಗೆ ಮಾತ್ರ.

ಕೆಜಿಎಫ್, ವರ್ಕ್‌ಶಾಪ್: ನಮ್ಮಲ್ಲಿ ಕೊಡಲಿಲ್ಲ. ಆಗ ಚಾರ್ಟ್‌ನ ಮೇಲಂಚಿನ ಅಂಕಿ ನೋಡಿದ್ದೆ, ಅದು ಪರಮಾಣು ಶೇಕಡಾ ಅಂತೆ. ಕೆಳಗಿನದು ನೋಡ್ಕೋ.