ಹಳೇ ಮ್ಯಾನೇಜರ್ ಸಾಹೇಬರ ಕುರ್ಚಿಯಲ್ಲಿ ಕೂತ ಮೇಲೆ

ಪ್ರಶ್ನೆ (ಬ್ಯಾಂಕ್ ಶಾಖಾ ವ್ಯವಸ್ಥಾಪಕಿ, ಹಾವೇರಿ ಜಿಲ್ಲೆ):
ಜೂನ್‌ನಲ್ಲಿ ಈ ಶಾಖೆಯ ಚಾರ್ಜ್ ತಗೊಂಡೆ. ಮೆಣಸಿನಕಾಯಿ ವ್ಯಾಪಾರದ ಊರು, ನಾನು ಮೈಸೂರಿನವಳು. ನನ್ನ ಹಿಂದಿನವರು ಇಲ್ಲಿ ನಾಲ್ಕು ವರ್ಷ ಇದ್ದರು. ಅವರ ಬೀಳ್ಕೊಡುಗೆಗೆ ವರ್ತಕರೇ ಪೆಂಡಾಲ್ ಹಾಕಿಸಿದ್ದರಂತೆ. ಸಿಬ್ಬಂದಿ ಏನೂ ಎದುರಾಡಲ್ಲ. ಮೀಟಿಂಗ್‌ನಲ್ಲಿ ಎಲ್ಲರೂ "ಹೂಂ ಮೇಡಂ", ಆಮೇಲೆ ಏನೂ ಆಗಿರಲ್ಲ. ಸಾಲದ ಫೈಲು ನನ್ನ ಟೇಬಲ್‌ಗೆ ಬರೋದು ಅರೆಬರೆ. ಕೌಂಟರ್‌ನಲ್ಲಿ ಗಿರಾಕಿಗೆ "ಹೊಸ ಮೇಡಂ ಒಪ್ಪಲ್ಲ ರೀ" ಅಂತಾರೆ, ನನ್ನನ್ನ ಕೇಳಿಯೇ ಇರಲ್ಲ. ಹೆಡ್ ಕ್ಯಾಶಿಯರ್ ಈಗಲೂ ಹಳೇ ಸಾಹೇಬರಿಗೇ ಫೋನ್ ಮಾಡಿ ಕೇಳ್ತಾರೆ. ಜನವರಿಗೆ ಸೀಸನ್ ಶುರು. ಅಷ್ಟರೊಳಗೆ ಇದನ್ನ ಹೇಗೆ ಸರಿ ಮಾಡಲಿ?

ಉತ್ತರ (ಸಾಫ್ಟ್‌ವೇರ್ ಟೀಮ್ ಲೀಡ್, ಬೆಂಗಳೂರು):
ನನಗೂ ಇದೇ ಆಗಿತ್ತು ಮೇಡಂ. ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿ, ಮೀಟಿಂಗ್‌ನಲ್ಲಿ ಯಾರೂ ಬಾಯಿ ಬಿಡಲ್ಲ. ಹಳಬರ ಬಗ್ಗೆ ಒಂದು ಕೆಟ್ಟ ಮಾತೂ ಆಡಬೇಡಿ. ಆದರೆ ಕಣ್ಣಿಗೆ ಕಾಣೋ ಒಂದು ಬದಲಾವಣೆ ಬೇಗ ಮಾಡಿಬಿಡಿ. ಹಾಜರಿಯೋ, ಡೆಸ್ಕ್ ಬದಲಾವಣೆಯೋ, ಏನಾದರೂ. ಈಗ ಇಲ್ಲಿ ಯಾರ ಮಾತು ನಡೆಯುತ್ತೆ ಅಂತ ಗೊತ್ತಾಗಬೇಕು.

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ):
ಮೇಲಿನವರು ಹೇಳಿದ ಮೊದಲೆರಡು ಮಾತು ಸರಿ. ಮೂರನೆಯದು ನಿಮ್ಮ ಶಾಖೆಗೆ ಆಗಿಬರಲ್ಲ ತಾಯಿ. ಆ ತಪ್ಪು ನಾನೇ ಮಾಡಿದವನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಫೋನ್ ಅಲ್ಲ, ಪೆಂಡಾಲೂ ಅಲ್ಲ. ಫೈಲು ಅರೆಬರೆ ಬರುತ್ತೆ ಅಂದಿರಲ್ಲ, ಅದು. ಹಳೇ ಸಾಹೇಬರ ಕಾಲದಲ್ಲಿ ಅದೇ ಫೈಲು ಪೂರ್ತಿ ಮಾಡ್ತಿದ್ದವರು ಯಾರು ಅಂತ ವಿಚಾರಿಸಿ. ನೂರಕ್ಕೆ ತೊಂಬತ್ತು ಪಾಲು ಸಾಹೇಬರೇ ಮಾಡ್ಕೋತಿದ್ದರು ಅಂತ ಉತ್ತರ ಬರುತ್ತೆ. ಊರಿಗೆಲ್ಲ ಬೇಕಾದ ಮ್ಯಾನೇಜರ್ ಬಹಳ ಸಲ ಎಲ್ಲರ ಕೆಲಸವನ್ನೂ ಎಲ್ಲರ ಜವಾಬ್ದಾರಿಯನ್ನೂ ಪ್ರೀತಿಯಿಂದಲೇ ತನ್ನ ಹೆಗಲಿಗೆ ಹಾಕ್ಕೊಂಡಿರ್ತಾರೆ. ಅವರು ಹೋದ ಮೇಲೆ ನಿಮಗೆ ವಿರೋಧ ಅಂತ ಕಾಣೋದರಲ್ಲಿ ಅರ್ಧಕ್ಕರ್ಧ ಸಹಿ ಹಾಕೋ ಹೆದರಿಕೆ. ನಾಳೆ ಸಾಲ ಕೆಟ್ಟರೆ ವಿಚಾರಣೆಗೆ ಬರೋದು ಶಿಫಾರಸಿಗೆ ಸಹಿ ಹಾಕಿದವರ ಹೆಸರು. ಆಗ ಮುಂದೆ ನಿಂತು ಕಾಪಾಡೋಕೆ ಹಳೇ ಸಾಹೇಬರು ಇದ್ದರು. ನೀವು ಕಾಪಾಡ್ತೀರಾ ಇಲ್ಲವಾ ಅನ್ನೋದು ಅವರಿಗೆ ಇನ್ನೂ ಗೊತ್ತಿಲ್ಲ.

ನಾನು ಒಂದು ಎಪಿಎಂಸಿ ಊರಿನ ಶಾಖೆಗೆ ಹೋದಾಗ ಹೀಗೇ ಆಗಿತ್ತು. ಒಬ್ಬ ವರ್ತಕರದ್ದು 20 ಲಕ್ಷದ ಕ್ಯಾಶ್ ಕ್ರೆಡಿಟ್, ಅಂದರೆ ದಾಸ್ತಾನಿನ ಮೇಲೆ ಬೇಕಾದಾಗ ತೆಗೆದು ಕಟ್ಟೋ ಸಾಲ. ಗೋದಾಮಿನಲ್ಲಿ ಎಷ್ಟು ಮಾಲಿದೆ ಅನ್ನೋ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟು ಐದು ತಿಂಗಳಾಗಿತ್ತು, ಚೆಕ್ ಮಾತ್ರ ಪಾಸಾಗ್ತಾನೇ ಇದ್ದವು. ಹಿಂದಿನವರು ಸಂಜೆ ಗೋದಾಮಿಗೆ ಹೋಗಿ ಚೀಲ ನೋಡಿ ಬಂದು ಲೆಕ್ಕ ತಲೆಯಲ್ಲೇ ಇಟ್ಕೋತಿದ್ದರು. ಅವರ ಅಂದಾಜು ತಪ್ಪಿರಲೂ ಇಲ್ಲ. ಆದರೆ ನಿಯಮಕ್ಕೆ ಬೇಕಾದದ್ದು ಕಾಗದ. ಮೂರು ತಿಂಗಳಿಗಿಂತ ಹಳೇ ಸ್ಟೇಟ್‌ಮೆಂಟ್ ಆಧಾರದ ಮೇಲೆ ಕೊಟ್ಟ ಹಣ ಕ್ರಮಬದ್ಧವಲ್ಲ ಅಂತ ಲೆಕ್ಕ. ಅದು ಹಾಗೇ 90 ದಿನ ಎಳೆದರೆ ವ್ಯಾಪಾರ ಎಷ್ಟೇ ಚೆನ್ನಾಗಿದ್ದರೂ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಲೆಕ್ಕಕ್ಕೆ.

ನಾನು ಬಂದ ಮೂರನೇ ದಿನವೇ ಆ ವರ್ತಕರ ಚೆಕ್ ವಾಪಸ್ ಮಾಡಿದೆ. ಸಾಲದ ಅಧಿಕಾರಿ ಇನ್ನೂ ಹುಡುಗ, ಅವನನ್ನ ಎಲ್ಲರೆದುರು ಕರೆದು "ಇಷ್ಟು ದಿನ ಏನ್ ನೋಡ್ತಿದ್ರಿ" ಅಂದೆ. ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯೇ. ಆದರೆ ಅವತ್ತು ಸಂಜೆ ನನ್ನ ಕೋಣೆಗೆ ಚಹಾ ಬರಲಿಲ್ಲ. ಮರುದಿನದಿಂದ ಪ್ರತಿ ವೋಚರೂ ನನ್ನ ಟೇಬಲ್‌ಗೇ, "ನೀವೇ ನೋಡ್ರಿ ಸರ್" ಅಂತ. ಹದಿನೈದು ದಿನ ರಾತ್ರಿ ಎಂಟಕ್ಕೆ ಮುಂಚೆ ಮನೆಗೆ ಹೋಗಲಿಲ್ಲ. ಯಾರೂ ಜಗಳ ಆಡಲಿಲ್ಲ ನೋಡಿ, ಕೆಲಸ ಹಿಂದಕ್ಕೆ ಕೊಟ್ಟರು, ಅಷ್ಟೇ.

ಸರಿಹೋದದ್ದು ಹೀಗೆ. ಅದೇ ವರ್ತಕರನ್ನ ಕರೆಸಿ, ಅಧಿಕಾರಿಯನ್ನ ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಪೆನ್ನು ಅವನ ಕೈಗೆ ಕೊಟ್ಟೆ. ಸ್ಟಾಕ್ 22 ಲಕ್ಷ ಇತ್ತು. ಅದರಲ್ಲಿ ರೈತರಿಗೆ, ದಲಾಲರಿಗೆ ಇನ್ನೂ ಕೊಡಬೇಕಾದದ್ದು 4 ಲಕ್ಷ. ಅದು ಕಳೆದರೆ 18. ವರ್ತಕರ ಸ್ವಂತ ಪಾಲು ಅಂತ ಶೇಕಡಾ 25 ಮಾರ್ಜಿನ್ ತೆಗೆದರೆ ಹದಿಮೂರೂವರೆ ಲಕ್ಷ. ಅಂದರೆ ಮಿತಿ 20 ಇದ್ದರೂ ಆ ತಿಂಗಳು ಅವರಿಗೆ ತೆಗೆಯೋಕೆ ಬರ್ತಿದ್ದದ್ದು ಹದಿಮೂರೂವರೆ. ತೆಗೆದಿದ್ದದ್ದು 16. ಎರಡೂವರೆ ಲಕ್ಷ ಹೆಚ್ಚು. ವರ್ತಕರು ಒಂದು ನಿಮಿಷ ಸುಮ್ಮನಿದ್ದು, "ಇದನ್ನ ಸಾಹೇಬ್ರು ನನಗ ಎಂದೂ ತೋರಿಸಿರ್ಲಿಲ್ಲ" ಅಂದರು. ಆಚೆ ಬಂದ ಮೇಲೆ ಆ ಹುಡುಗನೂ ಅದೇ ಮಾತು ಹೇಳಿದ. ಮೂರು ವರ್ಷದಿಂದ ಸಾಲದ ಸೀಟಿನಲ್ಲಿದ್ದವನು! ಹೆಚ್ಚಿನ ಹಣ ಕಟ್ಟೋಕೆ ವರ್ತಕರಿಗೆ ಆರು ವಾರ ಕಂತು ಮಾಡಿಕೊಟ್ಟು, ಮೇಲಿನ ಕಚೇರಿಗೆ ನನ್ನ ಹೆಸರಲ್ಲೇ ಕಾಗದ ಬರೆದು ಅನುಮತಿ ತಗೊಂಡೆ. ಆ ಕಾಗದದ ನಕಲನ್ನ ಅಧಿಕಾರಿಗೆ ಕೊಟ್ಟು ಫೈಲಿಗೆ ಹಾಕು ಅಂದೆ. ಅವನು ನನ್ನ ಕಡೆ ನೋಡಿ ಮಾತಾಡೋಕೆ ಶುರು ಮಾಡಿದ್ದು ಆಮೇಲೆ.

ಹೆದರಿಕೆಯೋ ಹಟವೋ ಗೊತ್ತಾಗಬೇಕಾದರೆ ಒಂದು ಫೈಲಿನಲ್ಲಿ ಪರೀಕ್ಷೆ ಮಾಡಿ. ಅನುಮಾನದ ಜಾಗದಲ್ಲಿ ನಿಮ್ಮ ಟಿಪ್ಪಣಿಯನ್ನ ನೀವೇ ಮೊದಲು ಬರೆದು ಸಹಿ ಹಾಕಿ ಕೆಳಗೆ ಕಳಿಸಿ. ಎರಡು ದಿನದಲ್ಲಿ ಫೈಲು ಪೂರ್ತಿಯಾಗಿ ಬಂದರೆ ಅದು ಹೆದರಿಕೆ, ಕಲಿಸಿದರೆ ಹೋಗುತ್ತೆ. ಆಗಲೂ ಬರಲಿಲ್ಲವಾ, ಆ ವ್ಯಕ್ತಿಯ ಹತ್ತಿರ ಬೇರೆ ಮಾತಿದೆ.

ಕೌಂಟರ್‌ನಲ್ಲಿ "ಮೇಡಂ ಒಪ್ಪಲ್ಲ" ಅನ್ನೋದನ್ನ ಗದರಿಸಿ ನಿಲ್ಲಿಸೋಕೆ ಹೋಗಬೇಡಿ. ಇಲ್ಲ ಅನ್ನೋ ಮಾತು ನನ್ನ ಕೋಣೆಯಿಂದಲೇ ಹೋಗಲಿ, ಆಗೋ ಕೆಲಸದ ಸುದ್ದಿ ನೀವು ಹೇಳಿ ಅಂತ ಕ್ಲರ್ಕ್‌ಗಳಿಗೆ ಹೇಳಿ. ಸಾಲ ಮಂಜೂರಾದರೆ ಫೋನ್ ಅವರೇ ಮಾಡಲಿ. ಊರಲ್ಲಿ ಒಳ್ಳೇ ಹೆಸರು ಬರೋ ಕೆಲಸವನ್ನೆಲ್ಲ ಇಷ್ಟು ವರ್ಷ ಒಬ್ಬರೇ ಇಟ್ಕೊಂಡಿದ್ದರು, ಈಗ ಅದನ್ನ ಹಂಚಿ.

ಪ್ರತಿಕ್ರಿಯೆ (ಇನ್ನೊಬ್ಬ ಬ್ಯಾಂಕ್ ಅಧಿಕಾರಿ, ಗದಗ):
ನಾನು ಆ ಹಳೇ ಮ್ಯಾನೇಜರ್ ಕಡೆಯಂವ ರೀ. ನನ್ನ ಹಿಂದಿನ ಬ್ರ್ಯಾಂಚಿನವರು ವರ್ಗ ಆಗಿ ಏಳು ತಿಂಗಳಾದರೂ ಫೋನ್ ಹಚ್ಚತಿದ್ರು. ನನಗೂ ಖುಷಿನ ಆಗತಿತ್ತು, ಸುಳ್ಳ್ಯಾಕ ಹೇಳ್ಲಿ. ಒಂದಿನ ಅಲ್ಲಿ ಹೊಸದಾಗಿ ಬಂದವ್ರು ನನಗ ಫೋನ್ ಮಾಡಿ, "ಸರ್, ನೀವು ನಿನ್ನೆ ಹೇಳಿದ ಸಲಹೆ ಪ್ರಕಾರ ಮಾಡಿದ್ವಿ, ಆದ್ರ ನನಗ ಗೊತ್ತಿರ್ಲಿಲ್ಲ" ಅಂದ್ರು. ಅಷ್ಟ. ಬೈಲಿಲ್ಲ. ಆವತ್ತಿನಿಂದ ಯಾರು ಫೋನ್ ಮಾಡಿದ್ರೂ "ನಿಮ್ಮ ಮ್ಯಾನೇಜರ್ರನ್ನ ಕೇಳ್ರಿ, ಮನಿ ಕಡೆ ಹ್ಯಾಂಗದೀರಿ ಹೇಳ್ರಿ" ಅಂತೇನಿ. ಮೇಡಂ, ನೀವೂ ಅವ್ರಿಗೆ ಒಂದ್ಸಲ ನೇರ ಫೋನ್ ಮಾಡ್ರಿ. ಸ್ಟಾಫ್ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಇನ್ನೂ ಅವ್ರ ಅದಾರೇನು ನೋಡ್ರಿ, ನಂದು ಒಂದು ವರ್ಷ ಹಂಗ ಉಳದಿತ್ತು.

ಪ್ರತಿಕ್ರಿಯೆ (ಸಾಫ್ಟ್‌ವೇರ್ ಟೀಮ್ ಲೀಡ್, ಬೆಂಗಳೂರು):
ಹಳಬರಿಗೆ ಫೋನ್ ಮಾಡಿ ಕೇಳಿದರೆ ಟೀಮಿನವರಿಗೆ ನಾವೇ ದುರ್ಬಲರು ಅಂತ ಕಾಣಲ್ವಾ?

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ):
ಏನು ಕೇಳ್ತೀರಿ ಅನ್ನೋದರ ಮೇಲಿದೆ. "ನಿಮ್ಮವರು ನನ್ನ ಮಾತು ಕೇಳ್ತಿಲ್ಲ" ಅಂದರೆ ಸೋತ ಹಾಗೆ. ಚಾರ್ಜ್ ಲಿಸ್ಟಿನಲ್ಲಿ ಇಲ್ಲದ್ದು ಏನಿತ್ತು ಅಂತ ಕೇಳಿ. ಯಾರಿಗೆ ಬಸ್ಸಿಗೋಸ್ಕರ ಬೇಗ ಹೋಗೋಕೆ ಬಿಡ್ತಿದ್ದಿರಿ, ಯಾವ ವರ್ತಕರಿಗೆ ಬಾಯಿಮಾತಿನ ಭರವಸೆ ಕೊಟ್ಟಿದ್ದೀರಿ, ಯಾರ ಮನೆಯಲ್ಲಿ ಕಾಯಿಲೆ ಇದೆ. ಕೀಲಿ, ದಾಸ್ತಾನು, ದಾಖಲೆಗೆಲ್ಲ ಸಹಿ ಹಾಕಿ ಚಾರ್ಜ್ ತಗೋತೀವಿ, ಇವನ್ನ ಯಾರೂ ಬರೆದುಕೊಡಲ್ಲ. ಬರೆದುಕೊಂಡ ಮೇಲೆ ಬಸ್ಸಿನವರ ಅನುಕೂಲಕ್ಕೆ ಕೈ ಹಾಕಬೇಡಿ. ವರ್ತಕರ ಭರವಸೆಗೆ ತಾರೀಖು ಹಾಕಿ ಕಾಗದಕ್ಕೆ ತನ್ನಿ. ತಕ್ಷಣ ನಿಲ್ಲಿಸಬೇಕಾದವು ಎರಡೇ: ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರು ಬಳಸೋದು, ಸ್ಟ್ರಾಂಗ್‌ರೂಮಿನ ಎರಡೂ ಕೀ ಒಬ್ಬರ ಕೈಗೆ ಬರೋದು. ಅದಕ್ಕೆ ಯಾರ ಮುನಿಸೂ ಲೆಕ್ಕಕ್ಕಿಲ್ಲ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ:
ಸರ್, ಎರಡು ಫೈಲಿಗೆ ನನ್ನ ಟಿಪ್ಪಣಿ ಮೊದಲೇ ಬರೆದು ಕಳಿಸಿದೆ. ಒಂದು ಮರುದಿನವೇ ಪೂರ್ತಿಯಾಗಿ ಬಂತು. ಆ ಅಧಿಕಾರಿ ಈಗ ವರ್ತಕರ ಮುಂದೆ ತಾನೇ ಲೆಕ್ಕ ಹಾಕ್ತಾನೆ, ಮೊನ್ನೆ ನನ್ನ ತಪ್ಪನ್ನೂ ತೋರಿಸಿದ. ವರ್ತಕರು ಬೇರೆಯವರಿಗೆ ಕೊಡಬೇಕಾದ ಬಾಕಿಯನ್ನ ನಾನು ಎರಡು ಸಲ ಕಳೆದಿದ್ದೆ. ಇನ್ನೊಂದು ಫೈಲು ಇನ್ನೂ ಬಂದಿಲ್ಲ. ಹಳೇ ಸಾಹೇಬರಿಗೆ ಫೋನ್ ಮಾಡಿದೆ, ಅರ್ಧ ಗಂಟೆ ಮಾತಾಡಿದರು. ಅಟೆಂಡರ್ ಮಗಳ ಫೀಸಿಗೆ ಪ್ರತಿ ಜೂನ್‌ನಲ್ಲಿ ಎಲ್ಲರೂ ಸೇರಿಸಿ ಹಣ ಕೊಡ್ತಿದ್ದರಂತೆ. ಈ ಜೂನ್‌ನಲ್ಲಿ ನಾನು ಬಂದ ಗಡಿಬಿಡಿಯಲ್ಲಿ ಯಾರೂ ಅದರ ಮಾತೆತ್ತಿಲ್ಲ. ನನಗೆ ಗೊತ್ತೇ ಇರಲಿಲ್ಲ.

ಹೆಡ್ ಕ್ಯಾಶಿಯರ್ ಮಾತ್ರ ಹಾಗೇ ಇದ್ದಾರೆ. ನಮಸ್ಕಾರಕ್ಕೆ ನಮಸ್ಕಾರ, ಅಷ್ಟೇ.

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ):
ಅವರ ನಿವೃತ್ತಿಗೆ ಇನ್ನೆಷ್ಟು ದಿನ ಇದೆ? ಕ್ಯಾಶ್ ಸರಿಯಾಗಿ ತಾಳೆ ಆಗ್ತಿದೆಯಾ?

ಪ್ರಶ್ನೆ ಕೇಳಿದವರು:
ಹದಿನಾಲ್ಕು ತಿಂಗಳು ಸರ್. ಕ್ಯಾಶ್ ಒಂದು ದಿನವೂ ಹೆಚ್ಚುಕಡಿಮೆ ಬಂದಿಲ್ಲ.

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ):
ಹಾಗಾದರೆ ಅವರು ಯಾರಿಗಾದರೂ ಫೋನ್ ಮಾಡಿಕೊಳ್ಳಲಿ ಬಿಡಿ. ಇನ್ನೊಂದು ಫೈಲಿನವರನ್ನ ನೋಡಿ.