ನೋ ಕಾಸ್ಟ್ ಇಎಂಐ: ನಿಜಕ್ಕೂ ಬೀಳುವ ಬಡ್ಡಿ ಎಷ್ಟು?

ಪ್ರಶ್ನೆ: ಫ್ರಿಡ್ಜ್ ತಗೋಬೇಕು. ಅಂಗಡಿಯಲ್ಲಿ ಬೆಲೆ 30,000. ಕ್ರೆಡಿಟ್ ಕಾರ್ಡಿನಲ್ಲಿ 6 ತಿಂಗಳ ನೋ ಕಾಸ್ಟ್ ಇಎಂಐ ಮಾಡಿಸಿದರೆ ತಿಂಗಳಿಗೆ 5,000, ಬಡ್ಡಿ ಇಲ್ಲ ಅಂತಾರೆ. ಪ್ರೊಸೆಸಿಂಗ್ ಫೀ 199. ಒಟ್ಟಿಗೇ ದುಡ್ಡು ಕೊಟ್ಟರೆ 28,000ಕ್ಕೆ ಕೊಡ್ತೀವಿ ಅಂತಾನೂ ಹೇಳಿದರು. ಯಾವುದು ಲಾಭ?

ಬ್ಯಾಂಕ್ ಸಾಲ ವಿಭಾಗದ ಸದಸ್ಯೆ: ಒಟ್ಟಿಗೇ ಕೊಡುವ ಶಕ್ತಿ ಇದ್ದರೆ 28,000 ಕೊಟ್ಟುಬಿಡಿ. ಕಾರಣ ಹೇಳ್ತೀನಿ.

ಈ ಇಎಂಐನಲ್ಲಿ ಬ್ಯಾಂಕು ಬಡ್ಡಿ ಬಿಡೋದಿಲ್ಲ. ವರ್ಷಕ್ಕೆ ಶೇ. 16ರ ಬಡ್ಡಿ ಅಂದುಕೊಳ್ಳಿ. 6 ತಿಂಗಳಿಗೆ ಸುಮಾರು 1,352 ರೂಪಾಯಿ ಆಗುತ್ತೆ. ಅಷ್ಟನ್ನು ಬೆಲೆಯಲ್ಲೇ ರಿಯಾಯಿತಿ ಅಂತ ಮೊದಲೇ ಕಳೆದು, ಉಳಿದ 28,648ನ್ನು ಸಾಲವಾಗಿ ಬರೀತಾರೆ. ಬಡ್ಡಿ ಸೇರಿ ಅದು ಮತ್ತೆ 30,000 ಆಗುತ್ತೆ. ಆದರೆ ಕಾರ್ಡಿನ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ ಇದೆ, ಅದು ನಿಮ್ಮ ತಲೆಗೇ. ಇಲ್ಲಿ ಸುಮಾರು 243 ರೂಪಾಯಿ. ಫೀ 199ಕ್ಕೂ ಜಿಎಸ್‌ಟಿ ಸೇರಿದರೆ 235. ಅಲ್ಲಿಗೆ ನೀವು ಕಟ್ಟೋದು 30,478.

ಇದನ್ನು 30,000ಕ್ಕೆ ಹೋಲಿಸಬೇಡಿ, 28,000ಕ್ಕೆ ಹೋಲಿಸಿ. ಆ ವಸ್ತು ಇವತ್ತು ನಿಮಗೆ ಸಿಗುವ ಬೆಲೆ ಅದು. ವ್ಯತ್ಯಾಸ 2,478.

ಇನ್ನೊಬ್ಬ ಸದಸ್ಯ, ಅಕೌಂಟ್ಸ್ ಕೆಲಸ: 28,000ಕ್ಕೆ 2,478 ಅಂದ್ರೆ ಶೇ. 9 ಕೂಡ ಆಗಲ್ಲ. ಪರ್ಸನಲ್ ಲೋನ್‌ಗಿಂತ ಕಡಿಮೆಯೇ ಆಯ್ತಲ್ಲ ಮೇಡಂ?

ಬ್ಯಾಂಕ್ ಸಾಲ ವಿಭಾಗದ ಸದಸ್ಯೆ: ಭಾಗಾಕಾರ ಸರಿ ಇದೆ ಸರ್, ಆದರೆ ಅದು ವರ್ಷದ ದರ ಅಲ್ಲ. ಪೂರ್ತಿ 28,000 ಆರು ತಿಂಗಳೂ ನಿಮ್ಮ ಹತ್ತಿರ ಇರೋದಿಲ್ಲ. ಪ್ರತಿ ಕಂತಿಗೂ ಸಾಲ ಕರಗುತ್ತಾ ಹೋಗುತ್ತೆ. ಸರಾಸರಿ ತೆಗೆದರೆ ನಿಮ್ಮ ಕೈಯಲ್ಲಿ ಇದ್ದದ್ದು 16,333 ಮಾತ್ರ, ಅದೂ ಅರ್ಧ ವರ್ಷ. ಅದಕ್ಕೆ 2,478 ಅಂದರೆ ಅರ್ಧ ವರ್ಷಕ್ಕೆ ಶೇ. 15, ವರ್ಷಕ್ಕೆ ಶೇ. 30.

ಫೋನಿನಲ್ಲೇ ಲೆಕ್ಕ ಹಾಕಬಹುದು: ಹೆಚ್ಚುವರಿ ಹಣವನ್ನು 24ರಿಂದ ಗುಣಿಸಿ. ಕಂತುಗಳ ಸಂಖ್ಯೆಗೆ ಒಂದು ಸೇರಿಸಿ, ಬಂದದ್ದರಿಂದ ಒಟ್ಟಿಗೇ ಕೊಡುವ ಬೆಲೆಯನ್ನು ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಇಲ್ಲಿ 59,472 ಭಾಗಿಸು 1,96,000, ಅಂದರೆ ಶೇ. 30. ಎಕ್ಸೆಲ್ ಶೀಟ್‌ನಲ್ಲಿ ನೋಡೋದಾದರೆ, ಫೀ ಮೊದಲೇ ಕಳೆದು, ಜಿಎಸ್‌ಟಿಯನ್ನು ಕಂತುಗಳಿಗೆ ಹಂಚಿ:

```
=RATE(6,-5041,27765)*12
```

ಅಕೌಂಟ್ಸ್ ಸದಸ್ಯ: ಒಪ್ಪಿದೆ. ಆದರೆ ಆನ್‌ಲೈನಿನಲ್ಲಿ ಎಷ್ಟೋ ಸಲ ಒಟ್ಟಿಗೇ ಕೊಟ್ಟರೂ 30,000ವೇ ಇರುತ್ತೆ.

ಬ್ಯಾಂಕ್ ಸಾಲ ವಿಭಾಗದ ಸದಸ್ಯೆ: ಆಗ ಉತ್ತರವೇ ಬದಲಾಗುತ್ತೆ. ಹೆಚ್ಚುವರಿ 478 ಮಾತ್ರ, ದರ ಶೇ. 5.5ರ ಹತ್ತಿರ. ಅಂಥ ಇಎಂಐ ಧಾರಾಳವಾಗಿ ತಗೊಳ್ಳಿ. ಹಾಗಾಗಿಯೇ ಅಂಗಡಿಯಲ್ಲಿ ಇಎಂಐ ಮಾತು ಎತ್ತುವ ಮೊದಲೇ ಕೊನೆಯ ಬೆಲೆ ಕೇಳಿ ಅಂತೀನಿ.

ಮೂರನೆಯ ಸದಸ್ಯೆ: ನನಗೆ ಕಾರ್ಡ್ ಇಲ್ಲ. ಫೈನಾನ್ಸ್ ಕಂಪನಿಯವರು 24,000ದ ವಾಷಿಂಗ್ ಮಷೀನಿಗೆ 8 ಕಂತು ಮಾಡಿ, 2 ಕಂತು ಮೊದಲೇ ಕಟ್ಟಿಸಿಕೊಂಡರು. ಫೀ ಎಲ್ಲ ಸೇರಿ 749. ಬಡ್ಡಿ ಇಲ್ಲ ಅಂದರು. ಇದೂ ಮೋಸಾನಾ?

ಬ್ಯಾಂಕ್ ಸಾಲ ವಿಭಾಗದ ಸದಸ್ಯೆ: ಮೋಸ ಅನ್ನೋಕಾಗಲ್ಲ, ಆದರೆ ನಿಮಗೆ ಸಿಕ್ಕ ಸಾಲ 24,000 ಅಲ್ಲ, 18,000, ಅದೂ 6 ತಿಂಗಳಿಗೆ. ಅದಕ್ಕೆ 749 ಅಂದರೆ ವರ್ಷಕ್ಕೆ ಶೇ. 14ರ ಮೇಲೆ. ಬಡ್ಡಿಯನ್ನು ಫೀ ರೂಪದಲ್ಲಿ ಅಡಗಿಸಿಡುವುದರ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು.

ನಿಮ್ಮದು ಸಾಲದ ಖಾತೆ, ಆದ್ದರಿಂದ ಸಹಿಗೆ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಬೇಕು. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಅದು ಕಡ್ಡಾಯ. ಅದರಲ್ಲಿ ಫೀಗಳನ್ನೂ ಸೇರಿಸಿದ ವಾರ್ಷಿಕ ದರ APR ಅಂತ ಇರುತ್ತೆ, ಅದನ್ನೇ ನೋಡಿ. ಕಾರ್ಡಿನ ಬಾಕಿಗೆ ಈ ನಿಯಮ ಅನ್ವಯಿಸೋದಿಲ್ಲ, ಅಲ್ಲಿ ನಾವೇ ಲೆಕ್ಕ ಹಾಕ್ಕೋಬೇಕು.

ಪ್ರಶ್ನೆ ಕೇಳಿದವರು: ಫ್ರಿಡ್ಜ್ ವಾಪಸ್ ಕೊಟ್ಟರೆ ಫೀ ಬರುತ್ತಾ ಮೇಡಂ?

ಬ್ಯಾಂಕ್ ಸಾಲ ವಿಭಾಗದ ಸದಸ್ಯೆ: ಸಾಮಾನ್ಯವಾಗಿ ಬರೋದಿಲ್ಲ. ಬಿಲ್ಲಿಗೆ ಆಗಲೇ ಬಿದ್ದ ಬಡ್ಡಿಯ ವಿಷಯ ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಥರ, ನಿಮ್ಮ ಬ್ಯಾಂಕಿನ ಇಎಂಐ ಷರತ್ತು ಓದಿ. ಅದಕ್ಕಿಂತ ಮುಖ್ಯ, ಕಂತು ಬಿದ್ದ ತಿಂಗಳ ಕಾರ್ಡ್ ಬಿಲ್ಲನ್ನು ಪೂರ್ತಿ ಕಟ್ಟಿ. ಮಿನಿಮಮ್ ಡ್ಯೂ ಮಾತ್ರ ಕಟ್ಟಿದರೆ ಅದೇ ಕಾರ್ಡಿನಲ್ಲಿ ತಂದ ದಿನಸಿ, ಪೆಟ್ರೋಲಿಗೂ ಬಡ್ಡಿರಹಿತ ಅವಧಿ ಹೋಗುತ್ತೆ.

ಅಕೌಂಟ್ಸ್ ಸದಸ್ಯ: 28,000ಕ್ಕೆ ಪಕ್ಕಾ ಜಿಎಸ್‌ಟಿ ಬಿಲ್ ಕೊಡ್ತಾರಾ ಅಂತಾನೂ ಕೇಳಿಕೊಳ್ಳಿ. ಬಿಲ್ ಇಲ್ಲದಿದ್ದರೆ ವಾರಂಟಿಗೆ ತೊಂದರೆ, ಆಗ ಆ ಬೆಲೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಪ್ರಶ್ನೆ ಕೇಳಿದವರು: ಅದನ್ನು ಕೇಳಿರಲಿಲ್ಲ. ನಾಳೆ ವಿಚಾರಿಸ್ತೀನಿ.